ಮೆಟ್ರೊದಲ್ಲಿ ಸಿಕ್ಕಿಕೊಂಡ ಉಸಿರು

ದೆಹಲಿಯ ಜನಕಪುರಿಯಿಂದ ಸೆಕ್ರೆಟರಿಯೇಟಿಗೆ ಹೋಗುತ್ತಿದ್ದ ನಮ್ಮ ಚಾರ್ಟರ್ಡ್ ಬಸ್ಸನ್ನು ಮೆಟ್ರೊ ನುಂಗಿ ನೀರು ಕುಡಿಯಿತು. ಆ ಬಸ್ಸಿನಲ್ಲಿ ಪ್ರತಿಯೊಬ್ಬರಿಗೂ ಒಂದು ಖಾಯಂ ಸೀಟು ಇತ್ತು. ಚಳಿಗಾಲದಲ್ಲಿ ನಾವು ಹೆಂಗಸರೆಲ್ಲ ಬಟಾಣಿ ಸುಲಿಯುತ್ತ, ಸ್ವೆಟರ್ ಹೆಣೆಯುತ್ತ, ಒಬ್ಬರ ಅತ್ತೆಯ ಸುದ್ದಿ ಇನ್ನೊಬ್ಬರಿಗೆ ದಾಟಿಸುತ್ತ ಆಫೀಸು ಸೇರುತ್ತಿದ್ದೆವು. ಮೆಟ್ರೊ ಬಂದ ಮೇಲೆ ಒಬ್ಬೊಬ್ಬರಾಗಿ ಜನ ಅತ್ತ ಸರಿದರು. ಖಾಲಿ ಬಸ್ಸು ಓಡಿಸಿ ಬೇಸತ್ತ ಬಸ್ಸಿನವನು ಕೈಮುಗಿದು ನಿಲ್ಲಿಸಿಬಿಟ್ಟ. ನಾನೂ ಕಾರ್ಡು ಮಾಡಿಸಿಕೊಂಡು, ಏಸಿ ಗಾಳಿ ಕುಡಿಯುತ್ತ ಆಫೀಸಿಗೆ ಹೋಗುವ ಆಧುನಿಕ ಮಹಿಳೆಯಾದೆ.

ನಾನು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸ್ಟೆನೊ. ನಮ್ಮ ಸಾಹೇಬರು ಮಾತಾಡುವ ವೇಗಕ್ಕೆ ಇಡೀ ಮಹಡಿಯಲ್ಲಿ ನನ್ನೊಬ್ಬಳ ಪೆನ್ಸಿಲು ಮಾತ್ರ ಜೊತೆ ಓಡುತ್ತದೆ ಎನ್ನುವ ಜಂಬ ನನಗಿತ್ತು. ಈಗಲೂ ಇದೆ, ಬಚ್ಚಿಡುವುದೇಕೆ?

ಅಂಥ ನಾನು ಒಂದು ಬೆಳಿಗ್ಗೆ ಕನಾಟ್ ಪ್ಲೇಸಿನ ಕೆಳಗೆ ಗಾಡಿ ಬದಲಿಸುವ ಸ್ಟೇಷನ್ನಿನಲ್ಲಿ ಕುಸಿದು ಕೂತೆ. ಎಂದಿನಂತೆ ಜನ ನನ್ನನ್ನು ಗಾಡಿಯಿಂದ ಹೊರಕ್ಕೆ ತಳ್ಳಿದ್ದರು. ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟಿರಬೇಕು. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಗಂಟಲು ಬಿಗಿಯಿತು. ಏಸಿಯಲ್ಲೂ ಬೆವರು. ಸುತ್ತಲಿನ ಸದ್ದೆಲ್ಲ ಪಕ್ಕದ ಮನೆಯ ಟಿ.ವಿ.ಯಂತೆ ದೂರದಿಂದ ಕೇಳಿಸಿತು. ನಾನು ಸಾಯುತ್ತಿದ್ದೇನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಷ್ಟು ಹೆದರಿಕೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ದೆಹಲಿಯ ಜನರಿಗೆ ಉಪಕಾರಬುದ್ಧಿ ಕಡಿಮೆ ಎನ್ನುವವರು ಅಲ್ಲಿ ಬಂದು ನೋಡಬೇಕಿತ್ತು. "ಹವಾ ಆನೇ ದೋ" ಎಂದು ಕೂಗುತ್ತಲೇ ಹತ್ತಾರು ಮಂದಿ ಗಾಳಿ ಬರದಂತೆ ಸುತ್ತುವರಿದರು. ಒಬ್ಬರು ನೀರು ಕೊಟ್ಟರು, ಇನ್ನೊಬ್ಬರು ಅದನ್ನೇ ಮುಖಕ್ಕೆ ಚಿಮುಕಿಸಿದರು. ಸಲ್ವಾರ್ ತೊಟ್ಟ ದಪ್ಪನೆಯ ಆಂಟಿಯೊಬ್ಬರು ನನ್ನ ಬೆನ್ನು ತಟ್ಟಿ, "ಬೇಟಾ, ಗೆಹ್ರೀ ಸಾಂಸ್ ಲೋ" ಎಂದರು. ಉಸಿರು ಎಳೆದುಕೊ ಅಂದದ್ದೇ ತಡ, ನನಗೆ ಪಾರ್ಕು ನೆನಪಾಯಿತು.

ಆ ವರ್ಷಗಳಲ್ಲಿ ಬೆಳಗಾದರೆ ನಮ್ಮ ಕಾಲೊನಿಯ ಪಾರ್ಕಿನಲ್ಲಿ ಅರ್ಧ ಜನಕಪುರಿ ಜಮಖಾನ ಹಾಸಿ ಕೂತು ಟಿ.ವಿ. ನೋಡಿ ಕಲಿತ ಕಪಾಲಭಾತಿ ಮಾಡುತ್ತಿತ್ತು. ನಾನೂ ಆ ಸಭೆಯ ಸದಸ್ಯೆ. ಉಸಿರಾಟದ ವಿಷಯದಲ್ಲಿ ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಪ್ಲಾಟ್‌ಫಾರ್ಮಿನ ನೆಲದ ಮೇಲೆ ಕೂತು, ಫುಸ್ ಫುಸ್ ಎಂದು ಹೊಟ್ಟೆ ಕುಣಿಸುತ್ತ, ನಡುನಡುವೆ ಬಾಯಿ ತೆರೆದು ಗಾಳಿ ನುಂಗುತ್ತ ಕಪಾಲಭಾತಿ ಶುರುಮಾಡಿದೆ. ಬೆರಳುಗಳು ಜುಮುಗುಟ್ಟಿ, ಸೆಟೆದು ಕೋಳಿಕಾಲಾದವು. ತುಟಿ ಮರಗಟ್ಟಿತು. ತಲೆ ಗಿರ್ರೆಂದಿತು. ಆಂಟಿ "ಔರ್ ಜೋರ್ ಸೇ" ಎಂದು ಹುರಿದುಂಬಿಸಿದರು, ನಾನು ಇನ್ನೂ ಜೋರು ಮಾಡಿದೆ.

ಕೊನೆಗೆ ಸ್ಟೇಷನ್ ಸಿಬ್ಬಂದಿ ಗಾಲಿಕುರ್ಚಿ ತಂದು ಮೇಲಕ್ಕೆ ಕರೆದೊಯ್ದರು. ಗಂಡ ಬಂದು ಆಸ್ಪತ್ರೆಗೆ ಸೇರಿಸಿದರು. ಇಸಿಜಿ, ರಕ್ತ, ಥೈರಾಯ್ಡು ಎಲ್ಲ ನೋಡಿದ ಡಾಕ್ಟರು ಹೃದಯ ಗಟ್ಟಿಮುಟ್ಟಾಗಿದೆ ಎಂದರು. ಮೊದಲ ಸಲ ಹೀಗಾದಾಗ ತೋರಿಸಿದ್ದು ಒಳ್ಳೆಯದಾಯಿತು, ಇದು ಪ್ಯಾನಿಕ್ ಅಟ್ಯಾಕ್, ಪದೇಪದೇ ಬಂದರೆ ಮನೋವೈದ್ಯರನ್ನು ಕಾಣಿ ಎಂದೂ ಹೇಳಿದರು. ನಮ್ಮವರು ಅದನ್ನು ಕನ್ನಡಕ್ಕೆ ಇಳಿಸಿದರು: "ಅಂದ್ರೆ ಗ್ಯಾಸು." ಮನೆಯಲ್ಲಿ ಒಂದು ವಾರ ಜೀರಿಗೆ ಕಷಾಯ ನಡೆಯಿತು.

ಕಷಾಯದಿಂದ ಹೆದರಿಕೆ ಹೋಗಲಿಲ್ಲ. ಒಬ್ಬಳೇ ಸ್ಟೇಷನ್ನಿನ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ನಮ್ಮವರ ಆಫೀಸು ಗುರುಗ್ರಾಮದಲ್ಲಿ, ನನ್ನದಕ್ಕೆ ತದ್ವಿರುದ್ಧ ದಿಕ್ಕು. ಆದರೂ ಪುಣ್ಯಾತ್ಮರು ದಿನಾ ಬೇಗ ಎದ್ದು, ಮೆಟ್ರೊದಲ್ಲಿ ನನ್ನ ಕೈ ಹಿಡಿದು ಆಫೀಸಿನ ಗೇಟಿನವರೆಗೂ ಬಿಟ್ಟು, ವಾಪಸ್ಸು ಬಂದು ಕ್ಯಾಬು ಹಿಡಿಯುತ್ತಿದ್ದರು. ಒಂದು ಭಾನುವಾರ ಕಾಫಿ ಕುಡಿಯುತ್ತ ತೀರ್ಪು ಕೊಟ್ಟರು.

"ನೋಡು, ಇನ್ನೊಂದೇ ಒಂದು ಸಲ ಆ ಥರ ಆದ್ರೆ, ಇಲ್ಲೇ ಹತ್ತಿರದ ಬ್ರಾಂಚಿಗೆ ವರ್ಗ ಕೇಳಿಬಿಡು. ಮನೆಯಿಂದ ನಡ್ಕೊಂಡು ಹೋಗಬಹುದು."

"ಅಲ್ಲಿ ಡಿಕ್ಟೇಷನ್ನೇ ಇಲ್ಲ ರೀ. ಡಿಸ್ಪ್ಯಾಚಿನಲ್ಲಿ ಲಕೋಟೆ ಅಂಟಿಸ್ತಾ ಕೂರಬೇಕು."

"ಲಕೋಟೆ ಅಂಟಿಸಿದ್ರೆ ಪ್ರಾಣ ಹೋಗಲ್ಲ."

ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತದೆ, "ಅಮ್ಮಾ, ಮಾನ್ ಜಾವೋ ನಾ" ಎಂದಳು. ಮಗಳೂ ಒಪ್ಪಿಕೊ ಅಂದಮೇಲೆ ಒಪ್ಪಿದೆ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಆದರೆ ಅಡುಗೆಮನೆಗೆ ಹೋಗಿ ಅತ್ತೆ. ಇಪ್ಪತ್ತು ವರ್ಷ ಮೇಲಾಗಿತ್ತು ನಾನು ಆ ಕೆಲಸ ಕಲಿತು. ಅದು ಹೋದರೆ ನನ್ನಲ್ಲಿ ಏನು ಉಳಿಯುತ್ತದೆ ಅನ್ನಿಸಿತು.

ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಕೊಡಗಿನ ಅಕ್ಕ ಇದ್ದರು. ಸೇನೆಯ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಆಗಿ ಮೇಜರ್ ಹುದ್ದೆಯಲ್ಲಿ ನಿವೃತ್ತರಾದವರು. ಕಾಲೊನಿಗೆಲ್ಲ ಮೇಜರ್ ಸಾಬ್, ನನಗೆ ಮಾತ್ರ ಅಕ್ಕ. ತರಕಾರಿ ಭಯ್ಯಾ ಕೂಡ ಅವರ ಮುಂದೆ ಅಟೆನ್ಷನ್ನಿನಲ್ಲಿ ನಿಂತೇ ತೂಗುತ್ತಿದ್ದ. ನನ್ನ ಕಥೆ ಕೇಳಿದ ಅಕ್ಕ ಅಯ್ಯೋ ಪಾಪ ಅನ್ನಲಿಲ್ಲ. ಕಪಾಲಭಾತಿಯ ಭಾಗ ಬಂದಾಗ ಮಾತ್ರ ಬಿದ್ದುಬಿದ್ದು ನಕ್ಕರು.

"ಅಲ್ಲ, ಮೊದಲೇ ಉಸಿರು ಓಡ್ತಾ ಇದೆ, ಅದನ್ನ ನೀನು ಇನ್ನೂ ಓಡಿಸಿದ್ಯಲ್ಲ! ಗಾಳಿ ಸಾಲದೆ ಅಲ್ಲ ನಿನ್ನ ಕೈ ಸೆಟೆದದ್ದು, ಜಾಸ್ತಿಯಾಗಿ. ಆ ಹೊತ್ತಲ್ಲಿ ಎಳ್ಕೊಳ್ಳೋದಲ್ಲ, ಮೊದಲು ಬಿಡಬೇಕು."

ಅಂದಿನಿಂದ ಸಂಜೆ ನನಗೆ ಅವರ ಸೋಫಾದ ಮೇಲೆ ಪರೇಡು. ಒಂದು ಕೈ ಹೊಟ್ಟೆಯ ಮೇಲೆ. ಬಿಸಿ ಕಾಫಿ ಆರಿಸುವಂತೆ ತುಟಿ ಕೂಡಿಸಿ ಮೆಲ್ಲಗೆ ಉಸಿರು ಹೊರಗೆ. ಆಮೇಲೆ ಬಾಯಿ ಮುಚ್ಚಿ, ಮೂಗಿನಿಂದ, ದೊಡ್ಡದಾಗಿ ಅಲ್ಲ, ಸಾಧಾರಣವಾಗಿ ಒಳಗೆ. ಒಳಗೆ ನಾಲ್ಕು ಎಣಿಸಿದರೆ ಹೊರಗೆ ಆರು. ಎಣಿಕೆ ತಪ್ಪಿದರೂ ಚಿಂತೆಯಿಲ್ಲ, ಹೊರಗಿನದು ಉದ್ದವಾದರೆ ಸಾಕು. ಚೆನ್ನಾಗಿರುವಾಗಲೇ ಅಭ್ಯಾಸ ಮಾಡಿಸುತ್ತಿದ್ದರು, ಬೇಡವೆಂದರೂ ಬಿಡುತ್ತಿರಲಿಲ್ಲ.

"ಇದನ್ನ ಮಾಡಿದ್ರೆ ಅದು ಬರೋದೇ ಇಲ್ವಾ ಅಕ್ಕ?" ಎಂದು ಕೇಳಿದೆ.

"ಬರಬಹುದು. ಬಂದ್ರೆ ಜಗಳ ಆಡಬೇಡ. 'ಇದು ಆ ಹೆದರಿಕೆ, ಹೋದ ಸಲ ನಾನು ಸಾಯಲಿಲ್ಲ, ಸ್ವಲ್ಪ ಹೊತ್ತಲ್ಲಿ ಇಳಿಯುತ್ತೆ' ಅಂತ ಹೇಳ್ಕೋ. ಕಾಲು ನೆಲಕ್ಕೆ ಒತ್ತು. ಕಣ್ಣಿಗೆ ಏನು ಕಾಣ್ತದೆ, ಕಿವಿಗೆ ಏನು ಕೇಳ್ತದೆ, ಕೈಗೆ ಏನು ಸಿಗ್ತದೆ, ಒಂದೊಂದೇ ಹೆಸರು ಹೇಳು. ಮನಸ್ಸಿಗೆ ಕೆಲಸ ಕೊಡದಿದ್ರೆ ಅದು ನಿನಗೆ ಕೆಲಸ ಕೊಡ್ತದೆ. ಓಡಿಹೋಗಬೇಡ ಮಾತ್ರ. ಓಡಿದ್ರೆ ನಾಳೆ ಇನ್ನೂ ದೊಡ್ಡದಾಗಿ ಕಾಣ್ತದೆ."

ಆಮೇಲೆ ಅವರೇ ನನ್ನನ್ನು ಮೆಟ್ರೊಗೆ ಎಳೆದೊಯ್ದರು. ಮೊದಲು ಮಧ್ಯಾಹ್ನ, ಖಾಲಿ ಗಾಡಿಯಲ್ಲಿ ಒಂದು ಸ್ಟೇಷನ್ನು. ನಂತರ ಇನ್ನಷ್ಟು ದೂರ. ಕೊನೆಗೆ ಬೆಳಗಿನ ನೂಕುನುಗ್ಗಲಿನಲ್ಲೇ. ಅಕ್ಕ ಬಾಗಿಲ ಬಳಿ ಮೊಣಕೈ ಚಾಚಿ ನಿಂತರೆ ಯಾವ ಗಂಡಸೂ ಒತ್ತಿಕೊಂಡು ಬರುತ್ತಿರಲಿಲ್ಲ, ಆ ಸೌಕರ್ಯ ಬೇರೆ. ಒಂದು ದಿನ ಅವರೇ ನಮ್ಮವರಿಗೆ, "ನಾಳೆಯಿಂದ ಇವಳು ಒಬ್ಬಳೇ ಹೋಗ್ತಾಳೆ" ಎಂದು ಆಜ್ಞೆ ಹೊರಡಿಸಿದರು. ಮೇಜರ್ ಮಾತಿಗೆ ಎದುರಾಡುವ ಧೈರ್ಯ ನಮ್ಮವರಿಗಿರಲಿಲ್ಲ. "ಆದ್ರೆ ವರ್ಗದ ಷರತ್ತು ನೆನಪಿರಲಿ" ಎಂದು ನನಗೆ ಮಾತ್ರ ಮೆಲ್ಲಗೆ ಹೇಳಿದರು.

ಮಾರನೆಯ ದಿನ ಸುಖವಾಗಿಯೇ ಹೊರಟೆ. ಅರ್ಧ ದಾರಿ ಕಳೆದಿತ್ತು. ಸುರಂಗದ ನಡುವೆ ಗಾಡಿ ಸುಮ್ಮನೆ ನಿಂತುಬಿಟ್ಟಿತು. ಮುಂದೆ ಯಾರದೋ ಟಿಫಿನ್ ಬ್ಯಾಗು, ಹಿಂದೆ ಯಾರದೋ ಬೆನ್ನು. ಅದು ಬಂತು. ಅದೇ ಡವಡವ, ಅದೇ ಬೆವರು, ಅದೇ ಗಂಟಲು. ಬಾಯಿ ತಾನಾಗಿ ತೆರೆದುಕೊಂಡು ಗಾಳಿ ನುಂಗಲು ಹೊರಟಿತು. ಲಕೋಟೆಗಳ ರಾಶಿ ಕಣ್ಣಮುಂದೆ ಬಂತು.

ಬಾಯಿ ಮುಚ್ಚಿದೆ. ತುಟಿ ಕೂಡಿಸಿ ಬಿಟ್ಟೆ. ಮೊದಲನೆಯದು ನಡುಗುತ್ತ ಹೋಯಿತು, ಎರಡನೆಯದು ಅರ್ಧಕ್ಕೇ ತುಂಡಾಯಿತು. ಇದು ಆ ಹೆದರಿಕೆ, ಇಳಿಯುತ್ತದೆ ಅಂದುಕೊಂಡೆ. ನನಗೇ ನಂಬಿಕೆ ಬರಲಿಲ್ಲ. ಚಪ್ಪಲಿಯೊಳಗೆ ಬೆರಳು ಒತ್ತಿದೆ. ಹೆಸರು ಹೇಳು ಎಂದಿದ್ದರು ಅಕ್ಕ, ಒಂದು ಹೆಸರೂ ಬಾಯಿಗೆ ಬರಲಿಲ್ಲ. ಆದರೆ ನನ್ನ ತೋರುಬೆರಳು ಕೈಚೀಲದ ಮೇಲೆ ಓಡಾಡತೊಡಗಿತು, ಕಿವಿಗೆ ಬಿದ್ದದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆಯುತ್ತ. ಶಾರ್ಟ್‌ಹ್ಯಾಂಡು ಸದ್ದಿನ ಬರಹ, ಭಾಷೆ ಯಾವುದಾದರೇನು. ಟಿಫಿನ್ ಬ್ಯಾಗಿನವಳು ಫೋನಿನಲ್ಲಿ, "ಕಹಾ ಥಾ ನಾ, ಗೀಸರ್ ಬಂದ್ ಕರ್ನಾ" ಎಂದು ಗೀಸರ್ ಆರಿಸದ ಯಾರನ್ನೋ ಗದರುತ್ತಿದ್ದಳು. ಬರೆದೆ. ಮೂಲೆಯಲ್ಲಿ ಇಬ್ಬರು ಕ್ರಿಕೆಟ್ ಜಗಳ. ಬರೆದೆ. ಧ್ವನಿವರ್ಧಕ ಅಡಚಣೆಗೆ ಖೇದ ಸೂಚಿಸಿತು. ದಪ್ಪ ಗೆರೆ, ತೆಳು ಗೆರೆ, ಚುಕ್ಕಿ ಎಲ್ಲ ಸರಿಯಾಗಿ ಇಟ್ಟು ಬರೆದೆ. ಒಂದೊಂದು ವಾಕ್ಯ ಮುಗಿದಾಗಲೂ ಉದ್ದ ಉಸಿರು ಬಿಟ್ಟೆ. ಗೀಸರ್ ಜಗಳ ಅತ್ತೆಯವರೆಗೆ ತಲುಪುವ ಹೊತ್ತಿಗೆ ಎದೆಯ ಹೊಡೆತ ಸ್ವಲ್ಪ ಹದಕ್ಕೆ ಬಂದಿತ್ತು. ಗಾಡಿ ಹೊರಟಾಗ, ಮುಂದೆ ಏನಾಯಿತೆಂದು ಕೇಳಲು ನನಗೇ ಆಸೆಯಾಗಿತ್ತು.

ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಡಲೇ ಅನ್ನಿಸಿತು, ನಿಜ. ಇಳಿಯಲಿಲ್ಲ. ಕನಾಟ್ ಪ್ಲೇಸಿನಲ್ಲಿ ಗಾಡಿ ಬದಲಿಸಿ ಆಫೀಸಿಗೆ ಹೋದೆ. ಎರಡು ಚಹಾ ಕುಡಿದು ಸಾಹೇಬರ ಡಿಕ್ಟೇಷನ್ ತೆಗೆದುಕೊಂಡೆ. ಒಂದಕ್ಷರ ತಪ್ಪಲಿಲ್ಲ.

ಸಂಜೆ ನಮ್ಮವರು ಬಾಗಿಲಲ್ಲೇ ಕಾದಿದ್ದರು. "ಇವತ್ತು ಏನೂ ಆಗಲಿಲ್ಲ ತಾನೆ?"

ಇಲ್ಲ ಎಂದರೆ ಮುಗಿಯುತ್ತಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಇದನ್ನು ಮುಚ್ಚಿಟ್ಟರೆ ನಾಳೆಯಿಂದ ಎರಡು ಹೆದರಿಕೆ ಹೊತ್ತು ಓಡಾಡಬೇಕು, ಮೆಟ್ರೊದಲ್ಲೊಂದು, ಮನೆಯಲ್ಲೊಂದು.

"ಬಂತು ರೀ" ಎಂದೆ.

ಅವರ ಮುಖ ಇಳಿಯಿತು. "ಎಲ್ಲಿ? ಆಮೇಲೆ? ಯಾರು ಕರ್ಕೊಂಡು ಬಂದ್ರು?"

"ಯಾರೂ ಇಲ್ಲ. ಅದು ಬಂತು, ಇತ್ತು, ಹೋಯ್ತು. ನಾನು ಆಫೀಸಿಗೆ ಹೋದೆ."

ವರ್ಗದ ಮಾತು ಈಗ ಬರುತ್ತದೆ ಎಂದು ನಾನು ಕೈಚೀಲ ಬಿಗಿಹಿಡಿದು ಕಾದೆ. ಅವರು ಸೀದಾ ಒಳಗೆ ಹೋದರು. ಮಂಚದ ಪಕ್ಕದ ಗಡಿಯಾರ ಕೈಗೆತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಬೆಳಗಿನ ಅಲಾರಮ್ಮನ್ನು ತಮ್ಮ ಹಳೆಯ ಹೊತ್ತಿಗೆ ತಿರುಗಿಸತೊಡಗಿದರು.

"ಇನ್ನು ಮೇಲೆ ನಾನು ಆರಾಮಾಗಿ ಮಲಗ್ತೀನಪ್ಪ" ಎಂದರು. "ಹೋಗುವಾಗ ನೀನು ಬಾಗಿಲು ಎಳ್ಕೊಂಡು ಹೋಗು."