ಏಳು ಜನರಲ್ಲಿ ಇಬ್ಬರು

ಸಿಂದಗಿಯ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತದ ಅತಿಥಿ ಉಪನ್ಯಾಸಕರ ಜಾಗ ಖಾಲಿಯಿತ್ತು. ಪ್ರಿನ್ಸಿಪಾಲರ ಎದುರು ಒಂದು ಪಾಠ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಕೆಲಸ. ನಮ್ಮೂರು ಇಂಡಿಯಿಂದ ಮೊದಲ ಬಸ್ಸಿಗೇ ಹೋದೆ. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು ಕುಳಿತರು, ಪಕ್ಕದಲ್ಲಿ ಅಲ್ಲಿನ ಹಿರಿಯ ಗಣಿತ ಉಪನ್ಯಾಸಕರು.

ಬೋರ್ಡಿನ ಮೇಲೆ ಲೆಕ್ಕ ಬರೆದೆ: ಮೂವರು ಹುಡುಗಿಯರು, ನಾಲ್ವರು ಹುಡುಗರು. ಚೀಟಿ ಎತ್ತಿ ಇಬ್ಬರ ಸಮಿತಿ ಮಾಡಬೇಕು. ಇಬ್ಬರೂ ಹುಡುಗಿಯರೇ ಆಗುವ ಸಂಭವನೀಯತೆ ಎಷ್ಟು?

ಮುಂದಿನ ಸಾಲಿನ ಹುಡುಗಿಯೊಬ್ಬಳು ಬಂದು 3/42 ಎಂದು ಬರೆದಳು.

"ಸಮಿತಿ ಅಂದ್ರ ಜೋಡಿ ರೀ ಮಿಸ್. ಹುಡುಗ್ಯಾರದು ಮೂರು ಜೋಡಿ. ಒಟ್ಟು ಅಂದ್ರ ಮೊದಲನೇ ಚೀಟಿಗೆ ಏಳು ಮಂದಿ, ಎರಡನೇದಕ್ಕ ಆರು. ಏಳ ಆರಲೆ ನಲವತ್ತೆರಡು."

ಹಿಂದಿನಿಂದ ಹಿರಿಯರು ಎಂದರು: "ತಪ್ಪೈತಿ. ಕೆಳಗ ಇಪ್ಪತ್ತೊಂದು. ಅಳಿಸಿ ಮುಂದ ಹೋಗ್ರಿ ಮೇಡಂ, ಬೆಲ್ ಹೊಡೀತಾರ."

ಅಳಿಸಿದ್ದರೆ ಅವಳಿಗೆ ಕಾರಣ ತಿಳಿಯುತ್ತಿರಲಿಲ್ಲ. ಬೇರೆ ಇಬ್ಬರು ಹುಡುಗಿಯರನ್ನು ಮುಂದೆ ಕರೆದು ನಿಲ್ಲಿಸಿ, ಜಾಗ ಅದಲುಬದಲು ಮಾಡಿಸಿದೆ.

"ಈಗ ಸಮಿತಿ ಬ್ಯಾರೆ ಆತೇನು?"

"ಇಲ್ರಿ, ಅದೇ ಐತಿ."

"ನಿನ್ನ ನಲವತ್ತೆರಡರಾಗ ಇವರು ಎಷ್ಟು ಸಲ ಬಂದಾರ?"

ಬೋರ್ಡಿನ ಮುಂದಿದ್ದವಳು ಯೋಚಿಸಿದಳು. "ಎರಡು ಸಲ ರೀ. ಇಕಿ ಮೊದಲು ಒಮ್ಮಿ, ಅಕಿ ಮೊದಲು ಒಮ್ಮಿ. ಅಯ್ಯ, ಮ್ಯಾಲ ಒಂದ ಸಲ ಎಣಿಸೇನಿ!"

ಮೂರನ್ನು ಒರೆಸಿ ಆರು ಮಾಡಿದಳು. 6/42. ಪಕ್ಕದಲ್ಲಿ ನಾನು 3/21 ಬರೆದೆ. ಎರಡೂ 1/7. ಮೇಲೆ ಕೆಳಗೆ ಒಂದೇ ರೀತಿ ಎಣಿಸಿದರೆ ಸಾಕು.

ಹಿರಿಯರು ಬಿಡಲಿಲ್ಲ. "ಹಂಗಾರ ಎರಡು ದಾಳ ಒಗದು ಮೊತ್ತ ಏಳು ಬರೂದೂ ಹಿಂಗ ಹೇಳ್ತೀರೇನು? ಕ್ರಮ ಬಿಟ್ರ ಒಟ್ಟು ಇಪ್ಪತ್ತೊಂದು ಜೋಡಿ. ಒಂದು-ಆರು, ಎರಡು-ಐದು, ಮೂರು-ನಾಲ್ಕು. ಅದೂ ಏಳರಾಗ ಒಂದು?"

ಇಲ್ಲಿ ತಡವರಿಸಿದರೆ ಕೆಲಸ ಹೋಯಿತು. ನಿಧಾನವಾಗಿ ಹೇಳಿದೆ: ಒಂದು ದಾಳ ಕೆಂಪು, ಒಂದು ಬಿಳಿ ಎಂದುಕೊಳ್ಳೋಣ. ಮೂರು-ನಾಲ್ಕು ಎರಡು ರೀತಿ ಬೀಳುತ್ತದೆ, ಮೂರು-ಮೂರು ಒಂದೇ ರೀತಿ. ಆ ಇಪ್ಪತ್ತೊಂದು ಜೋಡಿಗಳು ಬೀಳುವ ಸಾಧ್ಯತೆ ಸಮವಲ್ಲ. ಅದಕ್ಕೇ ಕ್ರಮ ಹಿಡಿದು ಆರಾರಲೆ ಮೂವತ್ತಾರನ್ನೂ ಎಣಿಸಬೇಕು. 6/36, ಅಂದರೆ 1/6.

"ಸಮಿತಿಯೊಳಗ ಒಬ್ಬಾಕಿನೇ ಎರಡು ಖುರ್ಚಿ ಹಿಡಿಯಾಕ ಬರೂದಿಲ್ಲಲ್ರಿ, ಅದಕ್ಕ ಅಲ್ಲಿ ಇಪ್ಪತ್ತೊಂದೂ ಸಮ," ಎಂದಳು ಬೋರ್ಡಿನ ಬಳಿಯಿದ್ದ ಹುಡುಗಿ.

"ಇಸ್ಪೀಟ್‌ದಾಗ ರೀ?" ಹಿಂದಿನಿಂದ ಒಬ್ಬ ಕೇಳಿದ.

"ಬಂತ ನೋಡ್ರಿ, ಇವನ ವಿಷಯ!" ಎಂದರು ಪ್ರಿನ್ಸಿಪಾಲರು. ಎಲ್ಲರೂ ನಕ್ಕರು.

ತೆಗೆದ ಎಲೆಯನ್ನು ಮರಳಿ ಇಸ್ಪೀಟ್ ಕಟ್ಟಿನೊಳಗೆ ಸೇರಿಸದಿದ್ದರೆ ಅದೇ ಎಲೆ ಮತ್ತೆ ಬರುವುದಿಲ್ಲ, ಆದ್ದರಿಂದ ಅದು ಸಮಿತಿಯಂತೆಯೇ ಎಂದೆ.

ಬೆಲ್ ಆಯಿತು. ಪ್ರಿನ್ಸಿಪಾಲರು ಬಾಗಿಲ ಬಳಿ ನಿಂತು, "ಸೋಮವಾರದಿಂದ ಬರ್ರಿ," ಎಂದರು. ಹಿರಿಯರು ಅವರ ಹಿಂದೆಯೇ ಬಂದರು. "ಮೊದಲು ಚಾ ಕುಡೀರಿ ಮೇಡಂ. ನಾ ಏನು ಹುಲಿ ಅಲ್ಲ."

ಸ್ಟಾಫ್ ರೂಮಿನಲ್ಲಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದೆ.