ಎಡಗೆನ್ನೆಯ ಹಸಿರು

ಆ ಸ್ಟುಡಿಯೋದ ಒಳಕೋಣೆಯಲ್ಲಿ ಕೂತು ಫೋಟೋ ತಿದ್ದುವ ಹೆಂಗಸನ್ನು ಮಾಲೀಕನಿಂದ ಹಿಡಿದು ಚೌಕಟ್ಟು ಹಾಕುವವನವರೆಗೆ ಎಲ್ಲರೂ ಟಚ್ಚಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಕಪ್ಪು ಬಿಳುಪು ಪ್ರಿಂಟಿನ ಮೇಲಿನ ಚುಕ್ಕೆಗಳನ್ನು ಕುಂಚದ ತುದಿಯಿಂದ ಮುಚ್ಚುವ ಕೆಲಸಕ್ಕೆಂದು ಸೇರಿದವಳು, ಕಂಪ್ಯೂಟರ್ ಬಂದ ಮೇಲೂ ಅದೇ ಕುರ್ಚಿಯಲ್ಲಿ ಉಳಿದಳು. ಈಗ ಅವಳ ದಿನದ ಬಹುಪಾಲು ಮುಖ ಬದಲಿಸುವುದರಲ್ಲೇ ಹೋಗುತ್ತಿತ್ತು. ಗುಂಪು ಫೋಟೋದಲ್ಲಿ ಒಬ್ಬರು ಕಣ್ಣು ಮುಚ್ಚಿರುತ್ತಾರೆ, ಇನ್ನೊಬ್ಬರು ಆಕಳಿಸುತ್ತಿರುತ್ತಾರೆ. ಬೇರೆ ಫೋಟೋದಿಂದ ಒಳ್ಳೆಯ ಮುಖ ತಂದು ಕೂರಿಸಬೇಕು. ಇದೇ ಕೆಲಸದಿಂದ ಅವಳ ಕತ್ತು ಹಿಡಿದುಕೊಂಡಿತ್ತು, ಕಣ್ಣು ಉರಿಯುತ್ತಿತ್ತು. ಬಸ್ ಓಡಿಸುವ ಗಂಡ ಬೆನ್ನು ಹಿಡಿದುಕೊಂಡು ಮನೆಗೆ ಬಂದರೆ ಇವಳು ಕತ್ತು ಹಿಡಿದುಕೊಂಡು ಬರುವಳು. ಮುಲಾಮಿನ ಡಬ್ಬಿ ಇಬ್ಬರಿಗೂ ಒಂದೇ.

ಒಂದು ದಿನ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಹೆಂಗಸೊಬ್ಬಳು ಬಂದಳು. ತಾಯಿಯ ಹುಟ್ಟುಹಬ್ಬಕ್ಕೆ ಮನೆಮಂದಿಯೆಲ್ಲ ಅಂಗಳದಲ್ಲಿ ಕೂತು ತೆಗೆಸಿಕೊಂಡ ಫೋಟೋ ತಂದಿದ್ದಳು. ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂತವಳು ಇವಳೇ. ಮುಖ ಮಾತ್ರ ಗಂಟಿಕ್ಕಿತ್ತು. ಅವಳ ಎಡಕ್ಕೆ, ಕುರ್ಚಿಯ ಬೆನ್ನಿಗೆ ತೋಳಿಟ್ಟು, ಗಿಣಿಹಸಿರು ಕೋಟು ತೊಟ್ಟ ತಂಗಿ ನಿಂತಿದ್ದಳು. ಅಕ್ಕತಂಗಿಯರಿಗೆ ಮಾತುಕತೆ ಬಿಟ್ಟುಹೋಗಿದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತೆಗೆದ ಅಷ್ಟೂ ಫೋಟೋಗಳಲ್ಲಿ ಇವಳದು ಅದೇ ಮುಖ. ಹಾಗಾಗಿ ಕಚೇರಿಯ ಕ್ಯಾಂಟೀನಿನಲ್ಲಿ ತೆಗೆದ ಬೇರೊಂದು ಫೋಟೋದ ನಗುಮುಖವನ್ನು ಇಲ್ಲಿ ಕೂರಿಸಿಕೊಡಬೇಕು ಎಂದಳು.

ಮುಖ ಕೂರಿಸುವುದು ಬೇಗ ಆಯಿತು. ಅಳತೆ ಸರಿ, ಓರೆ ಸರಿ, ಅಂಚು ಬೆರೆತಿತ್ತು. ಆದರೂ ಆ ಮುಖ ಅಲ್ಲಿಯದಲ್ಲ ಎನಿಸುತ್ತಿತ್ತು. ಟಚ್ಚಿಂಗ್ ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಕ್ಯಾಂಟೀನಿನಲ್ಲಿ ಅವಳ ಬಲಕ್ಕೆ ಇಟ್ಟಿಗೆಗೆಂಪಿನ ಗೋಡೆಯಿತ್ತು. ಆ ಕೆಂಪು ಬಲಗೆನ್ನೆಗೆ ಅಂಟಿಕೊಂಡೇ ಬಂದಿತ್ತು. ಅಂಗಳದಲ್ಲಾದರೋ ಬಲಗಡೆಯಿಂದ ಬೀಳುತ್ತಿದ್ದುದು ಬರೀ ಬಿಸಿಲು. ಎಡಗೆನ್ನೆ ನೆರಳಿನಲ್ಲಿತ್ತು, ಅದರ ಪಕ್ಕದಲ್ಲೇ ಬಿಸಿಲು ಹೊಡೆದ ಹಸಿರು ತೋಳು. ಬದಲಿಸುವ ಮುಂಚಿನ ಸಿಡುಕು ಮುಖವನ್ನು ತೆರೆದು ನೋಡಿದರೆ ಎಲ್ಲವೂ ಅಲ್ಲೇ ಇತ್ತು: ದವಡೆಯಿಂದ ಕೆನ್ನೆಯ ಕೆಳಭಾಗದವರೆಗೆ ತಂಗಿಯ ಕೋಟಿನಿಂದ ಪುಟಿದು ಬಿದ್ದ ಮಬ್ಬು ಹಸಿರು, ಗಲ್ಲದ ಅಡಿಯಲ್ಲಿ ಅವಳದೇ ತಿಳಿಹಳದಿ ಉಡುಪಿನ ಹಳದಿ. ಕತ್ತಿನ ಮೇಲೆ ಆ ಹಸಿರು ಇನ್ನೂ ಉಳಿದಿತ್ತು. ಕತ್ತು ಅಂಗಳದ್ದು, ಮುಖ ಕ್ಯಾಂಟೀನಿನದು.

ಮೊದಲು ಬಲಗೆನ್ನೆಯ ಕೆಂಪನ್ನು ಇಳಿಸಿದಳು. ಆಮೇಲೆ ಕಂಪ್ಯೂಟರಿನಲ್ಲಿ ಫೋಟೋದ ಮೇಲೆ ಗಾಜಿನ ಹಾಳೆಯಂತೆ ಹರಡುವ ಬೇರೆ ಪದರದಲ್ಲಿ, ಬೆಳಕು ನೆರಳು ಕದಲದಂತೆ ಬಣ್ಣವನ್ನಷ್ಟೇ ಹಚ್ಚುವ ಕ್ರಮದಲ್ಲಿ, ಮೆದು ಕುಂಚ ಹಿಡಿದಳು. ಕೋಟಿನ ಹಸಿರನ್ನು ಹಾಗೇ ಬಳಿದರೆ ಕಾಯಿಲೆಯವಳ ಮುಖವಾಗುತ್ತದೆ. ಅದಕ್ಕೆ ಹಳೆಯ ಮುಖದ ದವಡೆಯಿಂದಲೇ ಬಣ್ಣ ಎತ್ತಿಕೊಂಡು, ತೋಳಿಗೆ ಹತ್ತಿರವಿದ್ದ ಕಡೆ ತುಸು ಗಾಢವಾಗಿ, ಮೂಗಿನತ್ತ ಬರುತ್ತ ಇಲ್ಲವೇ ಇಲ್ಲ ಎನ್ನುವಷ್ಟು ತೆಳುವಾಗಿ ಹಚ್ಚಿದಳು. ಬಿಸಿಲು ಬಿದ್ದ ಕೆನ್ನೆಯ ಗೋಜಿಗೆ ಮತ್ತೆ ಹೋಗಲಿಲ್ಲ. ನೇರ ಬಿಸಿಲಿನ ಮುಂದೆ ಇಂಥ ಎರವಲು ಬಣ್ಣ ಕಾಣುವುದಿಲ್ಲ. ಗಲ್ಲದಡಿಗೆ ಒಂದಿಷ್ಟು ಹಳದಿ. ದೂರ ಸರಿದು ನೋಡಿದಾಗ ಬ್ಯಾಂಕಿನವಳು ತಾಯಿಯ ಪಕ್ಕದಲ್ಲಿ ನಗುತ್ತ ಕೂತಿದ್ದಳು. ಸದ್ಯ ಮುಗಿಯಿತು ಎಂದು ಕತ್ತು ಒತ್ತಿಕೊಂಡಳು.

ಮುಗಿದಿರಲಿಲ್ಲ. ಬ್ಯಾಂಕಿನವಳು ಬಂದು ನೋಡಿ ತುಂಬ ಖುಷಿಪಟ್ಟಳು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಮಾಲೀಕನಿಗೆ ಗಿರಾಕಿ ಖುಷಿಯಾದರೆ ನಾಲಿಗೆ ನಿಲ್ಲುವುದಿಲ್ಲ. ನಮ್ಮಕ್ಕನ ಕೆಲಸ ಅಂದರೆ ಸುಮ್ಮನೆಯಲ್ಲ, ನಿಮ್ಮ ತಂಗಿಯ ಕೋಟಿನ ಹಸಿರನ್ನು ಕೂಡ ನಿಮ್ಮ ಕೆನ್ನೆಗೆ ತಂದಿದ್ದಾರೆ ನೋಡಿ ಎಂದು ಬೆರಳಿಟ್ಟು ತೋರಿಸಿದ.

ಅವಳ ಮುಖ ಫೋಟೋದಲ್ಲಿದ್ದ ಹಳೆಯ ಮುಖವೇ ಆಯಿತು.

"ತೆಗೀರಿ ಅದನ್ನ," ಎಂದಳು. "ಅವಳದ್ದು ಏನೂ ನನ್ನ ಮೇಲೆ ಬೇಡ."

ಅದು ತಾನು ಸೇರಿಸಿದ್ದಲ್ಲ, ಅವತ್ತು ನಿಜವಾಗಿ ಬಿದ್ದಿದ್ದೇ ಎಂದು ಟಚ್ಚಿಂಗ್ ಅಕ್ಕ ಹೇಳಿ ನೋಡಿದಳು. ತೆಗೆದರೆ ಅಂಟಿಸಿದಂತೆ ಕಾಣುತ್ತದೆ ಎಂದೂ ಹೇಳಿದಳು. ಕೇಳುವವರು ಇರಲಿಲ್ಲ. ಮಾಲೀಕ ಹಿಂದಿನಿಂದ ಕಣ್ಸನ್ನೆ ಮಾಡಿದ. ವಾದ ಮಾಡುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಆ ಪದರವನ್ನೇ ಅಳಿಸಿದಳು. ಆಗ ಕೆನ್ನೆಗೂ ಕತ್ತಿಗೂ ನಡುವೆ ಗೆರೆ ಎಳೆದ ಹಾಗೆ ಕಂಡಿತು. ಕತ್ತಿನ ಹಸಿರನ್ನೂ ತೊಳೆಯಬೇಕಾಯಿತು. ಬ್ಯಾಂಕಿನವಳು ಪಕ್ಕದಲ್ಲೇ ಕಾಯುತ್ತಿದ್ದಳು. ಉಳಿದ ಪದರಗಳನ್ನೆಲ್ಲ ಒಂದು ಮಾಡಿ ಉಳಿಸಿ, ಪ್ರಿಂಟ್ ತೆಗೆದು, ಚೌಕಟ್ಟು ಹಾಕಿಸಿ ಕಳಿಸಿದ್ದಾಯಿತು.

ಕೆಲವು ದಿನ ಕಳೆದು ಬ್ಯಾಂಕಿನವಳು ತಾಯಿಯನ್ನು ಕೈಹಿಡಿದು ಕರೆದುಕೊಂಡು ಬಂದಳು. ತಾಯಿ ತಾವೇ ಹೊರಟುನಿಂತರಂತೆ. ಕುರ್ಚಿ ಕೊಟ್ಟರೂ ಕೂರದೆ, ಚೌಕಟ್ಟನ್ನು ಮೇಜಿನ ಮೇಲೆ ಮಲಗಿಸಿದರು.

"ಇವಳು ಅವತ್ತು ನನ್ನ ಪಕ್ಕದಲ್ಲೇ ಕೂತಿದ್ಲು ಕಣಮ್ಮ," ಎಂದರು ಟಚ್ಚಿಂಗ್ ಅಕ್ಕನಿಗೆ. "ಇದರಲ್ಲಿ ಎಲ್ಲರೂ ಬಂದಿದಾರೆ, ಇವಳೊಬ್ಬಳು ಬಂದಿಲ್ಲ. ಯಾಕೆ ಹೀಗೆ ಕಾಣ್ತಾಳೆ?"

ಮಾಲೀಕ ಪ್ರಿಂಟಿನ ಕಾಗದದ ಮೇಲೆ ತಪ್ಪು ಹೊರಿಸಲು ಹೋದ. ಮುದುಕಿ ಕಿವಿಗೆ ಹಾಕಿಕೊಳ್ಳದೆ, ಮೊದಲಿನ ಫೋಟೋ ಇದ್ದರೆ ತೋರಿಸು ಎಂದರು. ಟಚ್ಚಿಂಗ್ ಅಕ್ಕ ಮಗಳ ಕಡೆ ನೋಡಿದಳು. ಮಗಳು ಪಕ್ಕಕ್ಕೆ ಸರಿದು ಪರದೆಯ ಮುಂದೆ ತಾಯಿಗೆ ಜಾಗ ಬಿಟ್ಟಳು. ಸಿಡುಕು ಮುಖ ಪರದೆಯ ಮೇಲೆ ಬಂತು.

"ಹ್ಞಾ, ಇವಳೇ," ಎಂದರು ತಾಯಿ. "ಈ ಮುಖ ತೊಟ್ಟಿಲಲ್ಲಿದ್ದಾಗಿಂದ ನೋಡಿದೀನಿ. ಇದನ್ನೇ ಹಾಕಿಕೊಡು."

ಟಚ್ಚಿಂಗ್ ಅಕ್ಕನಿಗೆ ನಗು ಬಂತು, ತಡೆದುಕೊಂಡಳು. ಬ್ಯಾಂಕಿನವಳು ಬಗ್ಗಿ ಪರದೆಯನ್ನು ಬಹಳ ಹೊತ್ತು ನೋಡಿದಳು. ಅವಳು ನೋಡುತ್ತಿದ್ದುದು ಹುಬ್ಬನ್ನಲ್ಲ, ಎಡಗೆನ್ನೆಯನ್ನು. ಯಾರೂ ಮುಟ್ಟದ ಆ ಫೋಟೋದಲ್ಲಿ ಹಸಿರು ತಾನಾಗಿಯೇ ಇತ್ತು. ತಾಯಿಯನ್ನು ಹೊರಗೆ ಸೋಫಾದ ಮೇಲೆ ಕೂರಿಸಿ ಬಂದು ದನಿ ತಗ್ಗಿಸಿದಳು.

"ಮೇಡಂ, ನಗೋ ಮುಖವೇ ಇರಲಿ. ಮೊದಲು ಮಾಡಿದ್ರಲ್ಲ, ಹಾಗೆ ಮಾಡಿ."

"ಹಸಿರು ಬರುತ್ತೆ."

"ಬರಲಿ ಬಿಡಿ. ಅವಳು ಅಲ್ಲೇ ನಿಂತಿದ್ಲಲ್ಲ."

ಮೊದಲು ಮಾಡಿದ್ದು ಉಳಿದಿದ್ದರೆ ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ಅವಸರದಲ್ಲಿ ಹಸಿರಿನ ಪದರ ಅಳಿಸಿ, ಉಳಿದದ್ದನ್ನೆಲ್ಲ ಒಂದು ಮಾಡಿಬಿಟ್ಟಿದ್ದಳು. ಇನ್ನು ಹಳೆಯ ಮುಖದಿಂದಲೇ ಶುರು. ಕತ್ತು ಮತ್ತೆ ಅಂಗಳದ್ದೇ ಆಗಬೇಕು, ಕೆಂಪು ಮತ್ತೆ ಇಳಿಯಬೇಕು, ಹಸಿರು ಮತ್ತೆ ಏರಬೇಕು. ಯಾರನ್ನೂ ಬೈಯದೆ, ತನ್ನನ್ನೂ ಬೈದುಕೊಳ್ಳದೆ, ಹಿಂಬದಿಯ ನಲ್ಲಿಯಲ್ಲಿ ಕಣ್ಣಿಗೆ ತಣ್ಣೀರು ಹಾಕಿಕೊಂಡು ಬಂದು ಕೂತಳು. ಈ ಸಲ ಹಸಿರು ಮೊದಲಿಗಿಂತ ಕೊಂಚ ಚೆನ್ನಾಗಿಯೇ ಕೂತಿತು. ಕಿವಿಯ ಹಾಲೆಯ ಅಡಿಗೂ ಒಂದಿಷ್ಟು ಬೇಕೆಂಬುದು ಮೊದಲ ಸಲ ಕಣ್ಣಿಗೆ ಬಿದ್ದಿರಲಿಲ್ಲ.

ಹೊಸ ಪ್ರಿಂಟನ್ನು ತಾಯಿ ಬೆಳಕಿಗೆ ಹಿಡಿದು ನೋಡಿ, ಈಗ ಬಂದಳು ಎಂದರು. ಇವಳು ಅವತ್ತು ನಗಲಿಲ್ಲವಲ್ಲ ಎಂದು ಗೊಣಗಿದರೂ ಚೌಕಟ್ಟನ್ನು ಎದೆಗವಚಿಕೊಂಡೇ ಹೊರಟರು. ಅಕ್ಕತಂಗಿಯರ ನಡುವೆ ಮಾತು ಶುರುವಾಯಿತೋ ಇಲ್ಲವೋ ಸ್ಟುಡಿಯೋದವರಿಗೆ ತಿಳಿಯಲಿಲ್ಲ. ಇನ್ನು ಮೇಲೆ ಪದರಗಳನ್ನು ಒಂದು ಮಾಡುವ ಮುಂಚೆ ಪ್ರತಿ ಉಳಿಸುತ್ತೇನೆ, ಗಿರಾಕಿಗೆ ಬೆರಳಿಟ್ಟು ತೋರಿಸುವುದನ್ನು ನೀನು ಬಿಡು ಎಂದು ಟಚ್ಚಿಂಗ್ ಅಕ್ಕ ಮಾಲೀಕನಿಗೆ ಹೇಳಿದಳು. ಅವನು ಆಗಲಿ ಅಕ್ಕ ಎಂದು, ಮುಂದಿನ ಕೆಲಸದ ಲಕೋಟೆ ಮೇಜಿನ ಮೇಲಿಟ್ಟ. ಈಜುಕೊಳದ ಪಕ್ಕ ನಿಂತ ಆಟಗಾರರ ತಂಡ. ಇಬ್ಬರು ಕಣ್ಣು ಮುಚ್ಚಿದ್ದರು, ಎಲ್ಲರ ಗಲ್ಲದಡಿಯಲ್ಲೂ ನೀಲಿ.