ಕರಪತ್ರದಲ್ಲಿ ತಿರುಗಿದ ಮನೆ

ಊರಲ್ಲಿ ಹೊಸದಾಗಿ ಏಳಲಿದ್ದ ಕಟ್ಟಡದ ಮನೆಗಳನ್ನು ಮಾರುವ ಕೆಲಸ ಮಾತಿನಮಲ್ಲಿಯದು. ಊರೆಲ್ಲ ಹಂಚಿದ ಬಣ್ಣದ ಕರಪತ್ರದಲ್ಲಿ ಮೇಲೆ ಪಕ್ಕದ ತೋಟದ್ದೂ ಸೇರಿ ಫೋಟೊಗಳು, ನಡುವೆ ಮನೆಯ ನಕ್ಷೆ, ಕೆಳಗೆ ದಪ್ಪಕ್ಷರದಲ್ಲಿ ಅವಳ ಫೋನ್ ನಂಬರು. ಕುರುಡರಿಗೂ ಕಾಣಬೇಕು, ಅಷ್ಟು ದಪ್ಪ.

ಮೊದಲ ಮನೆ ಹಿಡಿದವಳು ಅವಳ ಸ್ವಂತ ಅಕ್ಕ. ಜಾಗದಲ್ಲಿ ಆಗಿನ್ನೂ ಪಾಯದ ಗುಂಡಿ ಬಿಟ್ಟರೆ ಏನೂ ಇರಲಿಲ್ಲ. ಹಾಸಿಗೆ ಹಿಡಿದಿದ್ದ ಭಾವನಿಗೆ ಮಲಗಿದಲ್ಲಿಂದಲೇ ಮರ, ಬೆಳಕು ಕಾಣಬೇಕಿತ್ತು. ಮಲ್ಲಿ ನಕ್ಷೆಯ ಮೇಲೆ ಬೆರಳಿಟ್ಟು, "ಮಲಗೋ ಕೋಣೆ ಕಿಟಕಿ ತೋಟದ ಕಡೆಗೇ ಕಣೇ" ಅಂದಿದ್ದಳು.

ಗೋಡೆಗಳು ಎದ್ದಮೇಲೆ ಅಕ್ಕ ಹೋಗಿ ನೋಡಿದರೆ, ಕಿಟಕಿಯಿಂದ ಕೈಚಾಚಿದರೆ ಪಕ್ಕದ ಕಟ್ಟಡದ ಗೋಡೆ! ತೋಟದ ಕಡೆ ಇದ್ದದ್ದು ಬಚ್ಚಲು. "ತಂಗಿ ಅಂತ ನಂಬಿದ್ನಲ್ಲೇ, ನಿನ್ನ ಬಾಯಿಗಿಷ್ಟು ಮಣ್ಣು ಹಾಕ!" ಎಂದು ಕೂಗಾಡಿದಳು.

ಮಲ್ಲಿಗೆ ನಖಶಿಖಾಂತ ಉರಿಯಿತು. ಕರಪತ್ರ ಹಿಡಿದು ನೆಟ್ಟಗೆ ಪ್ರೆಸ್ಸಿಗೆ ಹೋದಳು. ಡಿಸೈನ್ ಮಾಡಿದವನು ತಲೆ ಕೆರೆದುಕೊಂಡ. "ತೋಟದ ಫೋಟೊ ಎಡಗಡೆ ಇತ್ತು ಮೇಡಂ. ಮಲಗೋ ಕೋಣೆ ಅದರ ಪಕ್ಕ ಬರ್ಲಿ ಅಂತ ಕಟ್ಟಡದ ಯಜಮಾನ್ರು ಹೇಳಿದ್ರು. ನಕ್ಷೇನ ಕನ್ನಡೀಲಿ ಕಂಡಂಗೆ ತಿರುಗಿಸ್ದೆ. ಅಕ್ಷರ ಉಲ್ಟಾ ಆಯ್ತಲ್ಲ, ಅದನ್ನ ಮಾತ್ರ ಹೊಸದಾಗಿ ಟೈಪ್ ಮಾಡ್ದೆ."

"ದಿಕ್ಕಿನ ಬಾಣ?"

"ಅದನ್ನ ಮುಟ್ಟಿಲ್ಲ, ಮನೆ ಮಾತ್ರ ತಿರುಗಿತು."

ಥೂ! ತನ್ನ ಕಚೇರಿಯ ಗೋಡೆಯಲ್ಲೇ ಅಸಲಿ ನಕ್ಷೆ ನೇತಾಡುತ್ತಿತ್ತು. ಒಂದು ದಿನವಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲವಲ್ಲ ಎಂದು ಮಲ್ಲಿಗೆ ತನ್ನ ಮೇಲೂ ಸಿಟ್ಟು ಬಂತು. ಅಕ್ಕನನ್ನು ಕರೆದುಕೊಂಡೇ ಯಜಮಾನನ ಎದುರು ನಿಂತಳು.

"ನಕ್ಷೆ ಮಾದರಿಗೆ ಮಾತ್ರ ಅಂತ ಕೆಳಗೆ ಹಾಕ್ಸಿದೀನಲ್ಲಮ್ಮ" ಎಂದ ಅವನು, ಕಾಫಿ ಹೀರುತ್ತ.

"ನಿಮ್ಮ ಸಾಲು ಇರುವೆ ಗಾತ್ರ, ನನ್ನ ನಂಬರ್ ಆನೆ ಗಾತ್ರ! ಉಗಿಸಿಕೊಳ್ಳೋಕೆ ನಾನು ಬೇಕು ನಿಮಗೆ! ತೋಟದ ಕಡೆ ಕೋಣೆ ಇರೋ ಒಂದೇ ಒಂದು ಮನೇನ ನಿಮ್ಮ ಮಗಳಿಗೆ ಅಂತ ಎತ್ತಿಟ್ಟಿದ್ದೀರಲ್ಲ, ಅದನ್ನ ಅಕ್ಕಂಗೆ ಕೊಡಿ."

ಯಜಮಾನ ಕಾಫಿ ಲೋಟ ಕೆಳಗಿಟ್ಟ. "ಆಯ್ತು, ತಗೊಳ್ಳಿ. ಆದ್ರೆ ಉಳಿದ ಮನೆಗಳು ಮಾರೋತನಕ ನೀವಿಬ್ಬರೂ ಬಾಯಿಗೆ ಬೀಗ ಹಾಕ್ಕೋಬೇಕು."

ಅಕ್ಕನ ಕಣ್ಣು ತುಂಬಿತು. ಗಂಡನ ಹಾಸಿಗೆ, ಬೆಳಕು, ಮರ, ಎಲ್ಲ ಇನ್ನೇನು ಕೈಗೆ ಸಿಗುವುದರಲ್ಲಿತ್ತು. ಅಷ್ಟರಲ್ಲಿ ಮಲ್ಲಿಯ ಫೋನ್ ಹೊಡೆದುಕೊಂಡಿತು. ಕರಪತ್ರ ನೋಡಿದ ಹೆಂಗಸೊಬ್ಬಳ ದನಿ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು. "ನಮ್ಮತ್ತೆಗೆ ಎದ್ದು ಓಡಾಡೋಕಾಗಲ್ಲ ರೀ. ಆ ಕೋಣೆ ಕಿಟಕೀಲಿ ನಿಜವಾಗ್ಲೂ ಮರ ಕಾಣುತ್ತಾ?"

ಯಜಮಾನ ಹೂಂ ಅನ್ನು ಎಂಬಂತೆ ತಲೆಯಾಡಿಸಿದ. ಮಲ್ಲಿ ಅಕ್ಕನ ಮುಖ ನೋಡಿದಳು. ಹುಟ್ಟಿದಾಗಿನಿಂದ ವಟವಟ ಎನ್ನುತ್ತಿದ್ದ ಮಲ್ಲಿಯ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಅಕ್ಕ ಫೋನನ್ನು ಕಿತ್ತುಕೊಂಡಳು.

"ಮರಾನೂ ಇಲ್ಲ, ಮಣ್ಣೂ ಇಲ್ಲ ಕಣಮ್ಮ. ಬರೀ ಗೋಡೆ. ಆ ಮನೆ ತಗೊಂಡು ಕೆಟ್ಟೋಳು ನಾನೇ ಮಾತಾಡ್ತಿರೋದು."